ಬೇಸಿನ್ ಮೇಲಿನ ಹೇರ್ ಡೈ ಕಲೆ: ಮೊದಲು ಉಪ್ಪು ತೆಗೆಯಿರಿ, ಆಮೇಲೆ ಬಣ್ಣ

ಯುಗಾದಿ ಹಿಂದಿನ ದಿನ ರಾಯಚೂರಿನ ನಮ್ಮ ಮನೆಯಲ್ಲಿ ಅವ್ವ ತಲೆಗೆ ಡೈ ಹಚ್ಚಿಕೊಂಡಳು. ಬೇಸಿನ್ ಒಳಗೆ ಬಿದ್ದ ನಾಲ್ಕು ಹನಿ ನೋಡಿದ್ದು ಮರುದಿನ. ಸಾಬೂನು, ಪೇಸ್ಟ್, ಅಡುಗೆ ಸೋಡಾ, ಎಲ್ಲ ಹಚ್ಚಿ ತಿಕ್ಕಿದೆ. "ಇದು ಹೋಗಂಗಿಲ್ಲ ಬಿಡವ್ವ, ಬೇಸಿನ್ ಹಳೇದಾಗೇತಿ" ಅಂದಳು ಅವ್ವ. ಕಲೆಯ ಮೇಲೆ ಉಗುರು ಎಳೆದು ನೋಡಿದಾಗ ಮರಳು ಕಾಗದದಂತೆ ಒರಟಾಗಿತ್ತು. ಪಕ್ಕದ ಜಾಗ ಗಾಜಿನಂತೆ ನುಣುಪು. ಬಣ್ಣ ಕೂತಿದ್ದು ಬೇಸಿನ್‌ಗಲ್ಲ, ಅದರ ಮೇಲೆ ಕಟ್ಟಿದ್ದ ಬೋರ್ ನೀರಿನ ಉಪ್ಪಿಗೆ.

ಪಿಂಗಾಣಿಯ ಮೇಲ್ಮೈ ಗಾಜಿನ ಪೊರೆ, ಬಣ್ಣ ಅದರೊಳಗೆ ಇಳಿಯುವುದಿಲ್ಲ. ಸವಳು ನೀರು ಒಣಗಿ ಉಳಿಯುವ ಬಿಳಿ ಸುಣ್ಣದ ಪೊರೆಯಲ್ಲಿ ಮಾತ್ರ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಕಲಸಿದ ಹೊಸದರಲ್ಲಿ ಡೈಗೆ ಅಷ್ಟು ಬಣ್ಣವಿರುವುದಿಲ್ಲ. ಅದರ ಸಣ್ಣ ಕಣಗಳು ರಂಧ್ರಕ್ಕೆ ಇಳಿದು, ಅಲ್ಲೇ ಪೆರಾಕ್ಸೈಡ್ ಜೊತೆ ಸೇರಿ ದೊಡ್ಡ ಕಪ್ಪು ಕಣಗಳಾಗುತ್ತವೆ. ಕೂದಲಿನೊಳಗೆ ನಡೆಯುವುದೂ ಇದೇ. ಅದಕ್ಕೇ ಬಿದ್ದ ತಕ್ಷಣ ಒರೆಸಿದ ಹನಿ ಹೋಗುತ್ತದೆ, ಅರ್ಧ ಗಂಟೆ ಬಿಟ್ಟದ್ದು ಹೋಗುವುದಿಲ್ಲ. ಮೆಹಂದಿ ಎಂದು ಮಾರುವ ಕಪ್ಪು ಪುಡಿಯ ಎಷ್ಟೋ ಪ್ಯಾಕೆಟ್‌ಗಳಲ್ಲೂ ಇದೇ ಡೈ ಇರುತ್ತದೆ.

ಹಾಗಾಗಿ ಮೊದಲು ಉಪ್ಪು ತೆಗೆಯಬೇಕು. ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು 2 ಚಮಚ ತಂದು ಒಂದು ಲೋಟ ಬಿಸಿನೀರಿಗೆ ಕರಗಿಸಿ. ಹಳೇ ಬನಿಯನ್ ತುಂಡನ್ನು ಅದರಲ್ಲಿ ಅದ್ದಿ ಕಲೆಯ ಮೇಲೆ ಅಂಟಿಸಿ, ಅರ್ಧ ಗಂಟೆ ಬಿಡಿ. ಬಟ್ಟೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದರೆ ಸುಣ್ಣ ಕರಗುತ್ತಿದೆ ಎಂದರ್ಥ. ನಂತರ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಸ್ಟೀಲ್ ಉಜ್ಜುಗ ಬೇಡ, ಹೊಳಪಿಗೆ ಗೀರು ಬಿದ್ದರೆ ಮುಂದಿನ ಸಲ ಬಣ್ಣ ಆ ಗೀರಿನಲ್ಲೇ ಕೂರುತ್ತದೆ. ನಮ್ಮ ಬೇಸಿನ್‌ನಲ್ಲಿ ಮುಕ್ಕಾಲು ಪಾಲು ಕಲೆ ಇಷ್ಟಕ್ಕೇ ಉಪ್ಪಿನ ಜೊತೆ ಎದ್ದು ಬಂತು.

ಉಳಿದ ಕಂದು ನೆರಳಿಗೆ ಬ್ಲೀಚ್ ಬೇಕು. ಅದಕ್ಕೂ ಮೊದಲು ನಾಲ್ಕೈದು ಚೆಂಬು ನೀರು ಸುರಿದು ಹುಳಿಯನ್ನು ಪೂರ್ತಿ ತೊಳೆಯಿರಿ. ಹುಳಿಗೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಕಿಟಕಿಯಿಲ್ಲದ ಸಣ್ಣ ಬಚ್ಚಲಲ್ಲಿ ಅದು ಎದೆ ಹಿಡಿಯುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಕೂಡ ಬ್ಲೀಚ್ ಹತ್ತಿರ ಬರಬಾರದು. ಅಮೋನಿಯಾ ಇರುವ ಹಸಿ ಡೈ ಮೇಲೂ ನೇರ ಬ್ಲೀಚ್ ಸುರಿಯಬೇಡಿ, ಮೊದಲು ತೊಳೆಯಿರಿ. ಬೇಸಿನ್ ಇಳಿಜಾರಾದ್ದರಿಂದ ದ್ರವ ನಿಲ್ಲುವುದಿಲ್ಲ. ಟಿಶ್ಯೂ ಕಾಗದವನ್ನು ಬ್ಲೀಚ್‌ನಲ್ಲಿ ನೆನೆಸಿ ಕಲೆಗೆ ಅಂಟಿಸಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕೈಗೆ ಗ್ಲೌಸ್ ಇರಲಿ, ಬಾಗಿಲು ತೆರೆದಿರಲಿ. ಹೊಳೆಯುವ ನಲ್ಲಿ ಮತ್ತು ಜಾಲರಿಗೆ ತಾಗಿದರೆ ಕೂಡಲೇ ತೊಳೆಯಿರಿ, ಇಲ್ಲದಿದ್ದರೆ ಕಪ್ಪಾಗುತ್ತವೆ.

ಟೈಲ್ಸ್‌ಗೂ ಇದೇ ಕ್ರಮ, ಆದರೆ ಸಂದಿನ ಸಿಮೆಂಟಿಗೆ ಹುಳಿ ತಾಗಿಸಬೇಡಿ, ಅದು ಸವೆಯುತ್ತದೆ. ಅಲ್ಲಿಗೆ ಬ್ಲೀಚ್ ಮಾತ್ರ, ಅದೂ ಬ್ರಷ್ ತುದಿಯಿಂದ.

ನಮ್ಮ ಕಡೆ ಬಚ್ಚಲಿಗೆ ಶಹಾಬಾದ್ ಕಲ್ಲು ಹಾಸಿದ ಮನೆಗಳು ಬಹಳ. ಅದು ಸುಣ್ಣದ ಕಲ್ಲು. ನಿಂಬೆ, ವಿನೆಗರ್, ಆಸಿಡ್ ಯಾವುದು ಬಿದ್ದರೂ ಕಲ್ಲೇ ಕರಗಿ ಬಿಳಿ ಮಚ್ಚೆ ಉಳಿಯುತ್ತದೆ, ಆ ಮಚ್ಚೆ ಡೈ ಕಲೆಗಿಂತ ಕೆಟ್ಟದ್ದು. ಅಲ್ಲಿ ಮೆಡಿಕಲ್ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್‌ಗೆ ಅಡುಗೆ ಸೋಡಾ ಕಲಸಿ, ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಮೆತ್ತಿರಿ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚದಿದ್ದರೆ ನಮ್ಮ ಬಿಸಿಲಿಗೆ ಅರ್ಧ ಗಂಟೆಯಲ್ಲೇ ಒಣಗಿ ಕೆಲಸ ನಿಲ್ಲುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತೊಳೆಯಿರಿ. ಎರಡು ಮೂರು ಸಲ ಮಾಡಬೇಕಾಗಬಹುದು.

ಟವೆಲ್ ಕತೆ ಬೇರೆ. ಹತ್ತಿಯ ದಾರ ಬಣ್ಣವನ್ನು ಒಳಗೇ ಹಿಡಿಯುತ್ತದೆ. ಹಸಿ ಇರುವಾಗಲೇ ಕಲೆಯ ಹಿಂಬದಿಯಿಂದ ತಣ್ಣೀರು ಬಿಟ್ಟು, ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಹಿಂಡಿ. ಬಿಸಿಲಿಗೆ ಹಾಕುವ ಮೊದಲು ಕಲೆ ಹೋಗಿದೆಯೇ ನೋಡಿ. ಒಣಗಿದ ಮೇಲೆ ಬಿಳಿ ಹತ್ತಿ ಟವೆಲ್‌ಗೆ ಒಂದು ದಾರಿ ಉಳಿದಿದೆ: ಅರ್ಧ ಬಕೆಟ್ ನೀರಿಗೆ 2 ದೊಡ್ಡ ಚಮಚ ಬ್ಲೀಚ್ ಬೆರೆಸಿ, ಹದಿನೈದು ನಿಮಿಷ ನೆನೆಸಿ ಚೆನ್ನಾಗಿ ಜಾಲಿಸುವುದು. ಬಣ್ಣದ ಟವೆಲ್ ಅದರಲ್ಲಿ ಹಾಕಿದರೆ ಡೈ ಜೊತೆ ಟವೆಲ್ ಬಣ್ಣವೂ ಹೋಗುತ್ತದೆ. ಕಪ್ಪು ಕಂದಾಗಿ ನಿಂತಿತೆಂದರೆ ಮುಂದಕ್ಕೆ ತಿಕ್ಕಬೇಡಿ, ದಾರ ಸಡಿಲವಾಗುತ್ತದೆ. ನಾವು ಆ ಟವೆಲನ್ನೇ ಡೈ ದಿನದ ಟವೆಲ್ ಮಾಡಿದ್ದೇವೆ. ಈಗ ಅವ್ವ ಡೈ ಕಲಸುವ ಮುಂಚೆ ಒಣ ಬೇಸಿನ್‌ಗೆ ಒಂದು ಬೆರಳು ಕೊಬ್ಬರಿ ಎಣ್ಣೆ ಸವರುತ್ತಾಳೆ. ಹನಿ ಬಿದ್ದರೆ ಬೆರಳಲ್ಲಿ ಒರೆಸಿದರೂ ಜಾರಿ ಹೋಗುತ್ತದೆ.