ಬಿಲ್ಲಿನಲ್ಲಿ 4862, ಮೀಟರಿನಲ್ಲಿ 4371

ಕಳೆದ ತಿಂಗಳು ನಮಗೆ 647 ಯೂನಿಟ್ ವಿದ್ಯುತ್ ಬಿಲ್ ಬಂದಿತ್ತು. ಎರಡು ದಿನ ಬಿಟ್ಟು ನೋಡಿದರೂ ಮೀಟರ್ ಬಿಲ್ಲಿನ ಅಂಕಿಯನ್ನು ಮುಟ್ಟಿರಲಿಲ್ಲ. ಮೀಟರ್ ಓದುವವರು ನೂರರ ಸ್ಥಾನದ 3 ಅನ್ನು 8 ಎಂದು ಓದಿದ್ದರು! ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಅವರಿಗೆ ಹೀಗೆ ಬರೆದೆ:

“ಮಾನ್ಯರೇ, ನನ್ನ ಆರ್.ಆರ್. ಸಂಖ್ಯೆಯ ಬಿಲ್ಲಿನಲ್ಲಿ ಹಿಂದಿನ ಮಾಪನ 4215, ಈಗಿನ ಮಾಪನ 4862 ಎಂದು ನಮೂದಾಗಿದೆ. ಬಿಲ್ ನೀಡಿದ ಎರಡು ದಿನಗಳ ನಂತರವೂ ಮೀಟರ್ 4371 ತೋರಿಸುತ್ತಿದೆ. ಆದ್ದರಿಂದ ಸ್ಥಳ ಪರಿಶೀಲಿಸಿ, ಪರಿಷ್ಕೃತ ಬಿಲ್ ನೀಡಬೇಕೆಂದು ಕೋರುತ್ತೇನೆ.”

ಆರ್.ಆರ್. ಸಂಖ್ಯೆಯನ್ನೂ ದಿನಾಂಕಗಳನ್ನೂ ತಪ್ಪದೆ ಬರೆಯಿರಿ. ಡಿಜಿಟಲ್ ಮೀಟರಿನ ಪರದೆಯಲ್ಲಿ ಅಂಕಿಗಳು ಬದಲಾಗುತ್ತಿರುತ್ತವೆ. kWh ಎಂದು ತೋರಿದಾಗಲೇ ಫೋಟೋ ತೆಗೆಯಿರಿ, ಮೀಟರಿನ ಕ್ರಮಸಂಖ್ಯೆಯೂ ಅದರಲ್ಲಿ ಕಾಣಬೇಕು. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಬರಬೇಡಿ.