ಹಕ್ಕಿಜ್ವರದ ದಿನಗಳಲ್ಲಿ ನಮ್ಮ ಮೆಸ್ಸಿನ ಕೋಳಿ ಅಡುಗೆ

2025ರ ಫೆಬ್ರವರಿ ಕೊನೆಯಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳ ಕೋಳಿಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡ ಸುದ್ದಿ ಬಂದಾಗ, ಚಿಕ್ಕಮಗಳೂರಿನಲ್ಲಿ ನಾನು ನಡೆಸುವ ಸಣ್ಣ ಮೆಸ್ಸಿನಲ್ಲಿ ಮಧ್ಯಾಹ್ನದ ಕೋಳಿ ಸಾರು ಉಳಿಯತೊಡಗಿತು. ದಿನವೂ ಬರುವ ನಿವೃತ್ತ ಮೇಷ್ಟ್ರೊಬ್ಬರು, "ಚೆನ್ನಾಗಿ ಬೆಂದಿದೆಯೇನಪ್ಪಾ?" ಎಂದು ಕೇಳಿದರು. "ಬೆಂದಿದೆ ಸಾರ್" ಎಂದೆ. "ಅದು ನಿನಗೆ ಹೇಗೆ ಗೊತ್ತು?" ಎಂಬ ಅವರ ಮರುಪ್ರಶ್ನೆಗೆ ಮಾತ್ರ, ಸೌಟಿನಿಂದ ಒತ್ತಿ ನೋಡಿದೆ ಎನ್ನುವುದರ ಹೊರತು ನನ್ನಲ್ಲಿ ಉತ್ತರವಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟೇ: ಮಾಂಸದ ಎಲ್ಲ ಭಾಗವೂ, ಅಂದರೆ ನಡುಭಾಗವೂ ಸೇರಿ, 70 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಈ ವೈರಸ್ ಉಳಿಯುವುದಿಲ್ಲ. ಸ್ವಲ್ಪ ಅಂತರವಿರಲಿ ಎಂದು ನಾನು 74 ಡಿಗ್ರಿಯನ್ನು ಗುರಿಯಾಗಿಟ್ಟುಕೊಂಡು, ಮಾಂಸಕ್ಕೆ ಚುಚ್ಚುವ ಕಡ್ಡಿಯಿರುವ ಥರ್ಮಾಮೀಟರ್ ಒಂದನ್ನು ಕೊಂಡೆ. ಪುಡಿ ಮಾಡಿದ ಐಸ್ ನೀರಿನಲ್ಲಿ ಅದು ಸೊನ್ನೆಯನ್ನು ತೋರಿಸಿತು. ಕುದಿಯುವ ನೀರಿನಲ್ಲಿ 100 ತೋರಿಸದೆ 96ರ ಆಸುಪಾಸಿನಲ್ಲಿ ನಿಂತಾಗ ಕೆಟ್ಟ ಮಾಲು ಕೊಟ್ಟರೆಂದು ಅಂಗಡಿಯವನನ್ನು ಬೈದುಕೊಂಡೆ. ಆಮೇಲೆ ತಿಳಿಯಿತು, ತಪ್ಪು ಅವನದಲ್ಲ. ನಮ್ಮ ಊರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದೇ ಅಷ್ಟರಲ್ಲಿ.

ಸಾರಿನ ವಿಷಯದಲ್ಲಿ ನನಗೆ ಚಿಂತೆಯೇನೂ ಉಳಿಯಲಿಲ್ಲ. ಸಣ್ಣ ತುಂಡುಗಳು ಕುದಿಯುವ ಮಸಾಲೆಯಲ್ಲಿ ಅರ್ಧ ಗಂಟೆಗೂ ಹೆಚ್ಚು ಇರುವುದರಿಂದ, ಪಾತ್ರೆಯ ಅತಿ ದಪ್ಪ ತುಂಡಿನ ನಡುವೆ ಚುಚ್ಚಿದರೂ 90ಕ್ಕಿಂತ ಕಡಿಮೆ ಬರಲಿಲ್ಲ.

ಸಿಕ್ಕಿಬಿದ್ದದ್ದು ಕಬಾಬಿನ ಲೆಗ್ ಪೀಸ್. ಖಾರದಪುಡಿಯ ಲೇಪದಿಂದ ಅದು ಎಣ್ಣೆಗೆ ಬೀಳುವ ಮೊದಲೇ ಕೆಂಪಾಗಿರುತ್ತದೆ. ಆದ್ದರಿಂದ ಬಣ್ಣ ನೋಡಿ ಬೆಂದಿದೆ ಎನ್ನುವುದಕ್ಕೆ ಅರ್ಥವಿಲ್ಲ. ಆರು ನಿಮಿಷದಲ್ಲಿ ಹೊರಗೆ ಗರಿಗರಿಯಾಗಿ ಎದ್ದ ತುಂಡೊಂದಕ್ಕೆ, ಮೂಳೆಗೆ ತಾಗದಂತೆ ಆದರೆ ಅದರ ಪಕ್ಕದಲ್ಲೇ ಕಡ್ಡಿ ಚುಚ್ಚಿದಾಗ ಬಂದದ್ದು 58 ಡಿಗ್ರಿ. ಮೂಲ ಕಾರಣ ಹಿಂದಿನ ರಾತ್ರಿಯದಾಗಿತ್ತು: ಫ್ರೀಜರಿನಿಂದ ತೆಗೆದ ಮಾಂಸದ ಒಳಭಾಗ ಇನ್ನೂ ಗಟ್ಟಿಯಾಗಿತ್ತು, ಮೇಲಾಗಿ ಉರಿ ಜೋರಾಗಿತ್ತು. ಅಂದಿನಿಂದ ಮಾಂಸವನ್ನು ಹಿಂದಿನ ದಿನವೇ ಫ್ರಿಜ್ಜಿನ ಕೆಳತಟ್ಟೆಗೆ ಇಳಿಸಿ ಪೂರ್ತಿ ಕರಗಿಸುತ್ತೇನೆ, ಲೆಗ್ ಪೀಸಿಗೆ ಮೂಳೆಯವರೆಗೂ ಎರಡು ಮೂರು ಗೀರು ಹಾಕುತ್ತೇನೆ, ಬಾಣಲೆಗೆ ಒಮ್ಮೆಗೆ ಕಡಿಮೆ ತುಂಡು ಬಿಟ್ಟು ಮಧ್ಯಮ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಕರಿಯುತ್ತೇನೆ. ಈಗ ಮೂಳೆಯ ಬಳಿ 80 ದಾಟುತ್ತದೆ. ಫ್ರೀಜರಿನಲ್ಲಿಟ್ಟರೆ ವೈರಸ್ ಸಾಯುತ್ತದೆ ಎಂದು ನಮ್ಮ ಹುಡುಗ ನಂಬಿದ್ದ; ಅದು ಹಾಗಲ್ಲ, ಚಳಿಯಲ್ಲಿ ಅದು ಇನ್ನೂ ಹೆಚ್ಚು ಕಾಲ ಉಳಿಯುತ್ತದೆ.

ಮೊಟ್ಟೆಯಲ್ಲಿ ನಾನು ಕೈಬಿಟ್ಟದ್ದು ಹಾಫ್ ಬಾಯಿಲ್ ಒಂದನ್ನೇ. ಸೋಂಕು ತಗುಲಿದ ಕೋಳಿಯ ಮೊಟ್ಟೆಯಲ್ಲಿ ವೈರಸ್ ಚಿಪ್ಪಿನ ಮೇಲೆ ಮಾತ್ರವಲ್ಲ, ಒಳಗೂ ಇರಬಹುದು. ಹಳದಿ ಹರಿಯುತ್ತಿದ್ದರೆ ಅದು 70 ಮುಟ್ಟಿಲ್ಲವೆಂದೇ ಲೆಕ್ಕ. ಎರಡೂ ಬದಿ ಬೆಂದ ಆಮ್ಲೆಟ್, ಹಳದಿ ಗಟ್ಟಿಯಾಗುವಂತೆ ಹನ್ನೆರಡು ನಿಮಿಷ ಕುದಿಸಿದ ಮೊಟ್ಟೆ ಎರಡೂ ನಿಲ್ಲಲಿಲ್ಲ. ಗಿರಾಕಿಗಳಲ್ಲಿ ಕೆಲವರು ಗೊಣಗಿದರು, ಸಹಿಸಿಕೊಂಡೆ.

ನಿಜವಾಗಿ ಎಚ್ಚರ ಬೇಕಾದದ್ದು ಒಲೆಗಿಂತ ಮೊದಲು. ಹಸಿ ಮಾಂಸ ಇಟ್ಟಿದ್ದ ತಟ್ಟೆಯಲ್ಲೇ ಕಬಾಬ್ ಬಡಿಸಿದರೆ, ಅದೇ ಚಾಕುವಿನಲ್ಲಿ ಈರುಳ್ಳಿ ಹೆಚ್ಚಿದರೆ 80 ಡಿಗ್ರಿಯೂ ವ್ಯರ್ಥ. ಹಸಿ ಕೋಳಿಯನ್ನು ತೊಳೆಯದಿರುವುದೇ ಒಳ್ಳೆಯದೆಂದು ತಿಳಿದವರು ಹೇಳುತ್ತಾರೆ. ನಮ್ಮಲ್ಲಿ ಅದನ್ನು ಯಾರೂ ಒಪ್ಪುವುದಿಲ್ಲವಾದ್ದರಿಂದ, ನಲ್ಲಿಯ ಕೆಳಗೆ ಹಿಡಿದು ಸಿಡಿಸುವ ಬದಲು ಪಾತ್ರೆಯ ನೀರಿನಲ್ಲಿ ನಿಧಾನವಾಗಿ ಅದ್ದಿ ತೆಗೆದು, ತೊಟ್ಟಿಯನ್ನೂ ಕೈಯನ್ನೂ ಸೋಪಿನಲ್ಲಿ ಉಜ್ಜುವ ಪದ್ಧತಿ ಮಾಡಿಕೊಂಡಿದ್ದೇವೆ. ಇದು ರಾಜಿಯೇ ಹೊರತು ಸರಿಯಾದ ಕ್ರಮವೆಂದು ನಾನು ಹೇಳಲಾರೆ.

ಇನ್ನೊಂದು ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಳ್ಳಲಿಲ್ಲ. ಮಾರ್ಚಿನಲ್ಲಿ ಪರಿಚಯದ ರೈತರೊಬ್ಬರು, ಹಿತ್ತಲಿನ ನಾಟಿ ಕೋಳಿಗಳಲ್ಲಿ ಎರಡು ಸತ್ತಿವೆ, ಉಳಿದ ಮೂರು ಮಂಕಾಗಿವೆ, ಕೊಯ್ದು ಚೆನ್ನಾಗಿ ಬೇಯಿಸಿಕೊಂಡರೆ ಆಯಿತಲ್ಲವೇ ಎಂದು ಫೋನ್ ಮಾಡಿದರು. ಜನರಿಗೆ ಈ ಸೋಂಕು ತಗುಲಿರುವುದು ಹೆಚ್ಚಾಗಿ ಕಾಯಿಲೆಯ ಕೋಳಿಯನ್ನು ಹಿಡಿಯುವಾಗ, ಕೊಯ್ಯುವಾಗ, ಪುಕ್ಕ ಕೀಳುವಾಗಲೇ. ಬೇಯುವ ಹೊತ್ತಿಗೆ ಆ ಅಪಾಯ ಕಳೆದುಹೋಗಿರುತ್ತದೆ, ಆದರೆ ಕೊಯ್ದವನ ಕೈಗೂ ಉಸಿರಿಗೂ ಅಷ್ಟರಲ್ಲಿ ತಗುಲಿಯಾಗಿರಬಹುದು. ಬರಿಗೈಯಲ್ಲಿ ಮುಟ್ಟಬೇಡಿ, ಪಶು ಆಸ್ಪತ್ರೆಗೆ ತಿಳಿಸಿ ಎಂದೆ. ಆ ದಿನ ಸಂಜೆಯೇ ಅವರು ತಿಳಿಸಿದರು.