ಒಂದೇ ಘಟನೆಗೆ ಮೂರು ಅಲರ್ಟ್: ಒಂದಾಗಿಸಿದ್ದು ಹೀಗೆ

ಸರ್ವರ್ ಡಿಸ್ಕ್ ತುಂಬುತ್ತಾ ಬಂದರೆ ನಮಗೆ ಇಮೇಲ್, ಎಸ್ಎಂಎಸ್, ಚಾಟ್ ಮೂರರಲ್ಲೂ ಅಲರ್ಟ್ ಬರುತ್ತಿತ್ತು. ಬರೀ ಪದಗಳ ಹೋಲಿಕೆ ನೋಡಿ ಇವನ್ನು ಸೇರಿಸಲು ಆಗುವುದಿಲ್ಲ. `db-1 disk 91%`, `db-2 disk 91%` ನೋಡಲು ಒಂದೇ ಥರ, ಆದರೆ ಬೇರೆ ಬೇರೆ ಘಟನೆಗಳು. ಅದೇ `db-1` ಬಗ್ಗೆ ಬರುವ ಉದ್ದದ ಇಮೇಲ್‌ಗೂ ಚುಟುಕು ಎಸ್ಎಂಎಸ್‌ಗೂ ಹೋಲಿಕೆಯೇ ಕಾಣಲ್ಲ.

ಹಾಗಾಗಿ ಪ್ರತಿ ಸಂದೇಶದಿಂದ ಸರ್ವರ್ ಹೆಸರು, ತೊಂದರೆಯ ಬಗೆ, ಅದು ಶುರುವಾದ ಸಮಯ ಇಷ್ಟನ್ನೇ ಹೆಕ್ಕಿ ಕೀ ಮಾಡಿದೆ. ಕೀ ಒಂದೇ ಆಗಿದ್ದರೆ ಸಂದೇಶಗಳು ಒಂದೇ ಘಟನೆಗೆ ಸೇರುತ್ತವೆ:

```
db-1|disk|2025-03-04T04:32Z
```

ಶೇಕಡಾವಾರು ಅಂಕಿ ಬೇಡ. ಇಮೇಲ್‌ನಲ್ಲಿ 91 ಇದ್ದದ್ದು ಚಾಟ್‌ಗೆ ಬರುವಷ್ಟರಲ್ಲಿ 92 ಆಗಿರುತ್ತದೆ. ಎಸ್ಎಂಎಸ್‌ನಲ್ಲಿ ಸ್ಥಳೀಯ ಸಮಯ ಇತ್ತು, ಮೊದಲು ಎಲ್ಲವನ್ನೂ ಯುಟಿಸಿಗೆ ತಂದೆ.

ಸಂದೇಶ ತಲುಪಿದ ಸಮಯವನ್ನು ನಂಬಬಾರದು. ನೆಟ್‌ವರ್ಕ್‌ನಲ್ಲಿ ಸಿಕ್ಕಿಕೊಂಡ ಎಸ್ಎಂಎಸ್ ಎಷ್ಟೋ ಸಲ ತೊಂದರೆ ಸರಿಹೋದ ಮೇಲೆ ಬರುತ್ತದೆ. ಆಗ ಅದು ಹೊಸ ಅಲರ್ಟ್ ಥರ ಕಾಣುತ್ತದೆ, ಯಾರೋ ಸುಮ್ನೆ ನಿದ್ದೆಗೆಟ್ಟು ಎದ್ದು ನೋಡಬೇಕಾಗುತ್ತದೆ. ಶುರುವಾದ ಸಮಯ ಕೀಯಲ್ಲಿದ್ದರೆ ಅದು ಮುಗಿದ ಘಟನೆಗೇ ಹೋಗಿ ಸೇರುತ್ತದೆ.

ಕೆಲವು ಎಸ್ಎಂಎಸ್‌ಗಳಲ್ಲಿ ಸಮಯವೇ ಇರಲ್ಲ. ಆ ಸರ್ವರ್‌ಗೆ ಅದೇ ಬಗೆಯ ಒಂದೇ ಒಂದು ತೆರೆದ ಘಟನೆ ಇದ್ದರೆ ಮಾತ್ರ ಸೇರಿಸುತ್ತೇನೆ. ಇಲ್ಲದಿದ್ದರೆ ಬೇರೆಯಾಗಿಯೇ ತೋರಿಸುತ್ತೇನೆ. ಎರಡು ಸಲ ಕಂಡರೂ ಪರವಾಗಿಲ್ಲ, ನಿಜವಾದ ಅಲರ್ಟ್ ಮುಚ್ಚಿಹೋಗಬಾರದು.